ಬೆಟ್ಟಿಂಗ್ ಆ್ಯಪ್ ದುಡ್ಡು ಬಂದು ಖಾತೆ ಫ್ರೀಜ್ ಆದಾಗ ನಾನು ಕಾಗದ ಜೋಡಿಸುವ ಕ್ರಮ

ಗೆದ್ದ ದುಡ್ಡನ್ನು ಆ್ಯಪ್ ಕಂಪನಿಯೇ ಕಳಿಸಿದೆ ಎಂದು ಆಡಿದವರು ನಂಬಿರುತ್ತಾರೆ. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಅಲ್ಲಿ ಕಂಪನಿಯ ಹೆಸರೇ ಇರುವುದಿಲ್ಲ, ಯಾರೋ ಅಪರಿಚಿತ ವ್ಯಕ್ತಿಯ ಹೆಸರಿರುತ್ತದೆ. ಅದು ಸಾಮಾನ್ಯವಾಗಿ ಬಾಡಿಗೆಗೆ ಪಡೆದ ಖಾತೆ. ಬೇರೆಲ್ಲೋ ಮೋಸಹೋದವರ ಹಣವೂ ಅದೇ ಖಾತೆಗೆ ಬಿದ್ದಿರುತ್ತದೆ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅಥವಾ cybercrime.gov.in ನಲ್ಲಿ ದೂರು ಕೊಟ್ಟರೆ, ಹಣ ಹರಿದ ದಾರಿಯಲ್ಲಿರುವ ಬ್ಯಾಂಕುಗಳಿಗೆಲ್ಲ ಸಂದೇಶ ಹೋಗುತ್ತದೆ. ಆ ದಾರಿಯ ಮೂರನೆಯ ಅಥವಾ ನಾಲ್ಕನೆಯ ಖಾತೆ ನಿಮ್ಮದಾಗಿರಬಹುದು.

ಅದಕ್ಕೇ ನಾನು ಮೊದಲು ಕೇಳುವುದು, ತಡೆ ಹಾಕಿದ್ದು ಬ್ಯಾಂಕೋ ಪೊಲೀಸರೋ ಎಂದು. ಅಪರಿಚಿತರಿಂದ ಪದೇ ಪದೇ ಸಣ್ಣ ಮೊತ್ತ ಬಂದು ಕೂಡಲೇ ಖಾಲಿಯಾಗುವ ಖಾತೆಯನ್ನು ಬ್ಯಾಂಕು ತಾನೇ ತಡೆಯಬಹುದು. ಆಗ ಹೊಸದಾಗಿ ಕೆವೈಸಿ ಕೊಟ್ಟು ಹಣದ ಮೂಲ ವಿವರಿಸಿದರೆ ಹೆಚ್ಚಿನವು ಬ್ರಾಂಚ್‌ನಲ್ಲೇ ಮುಗಿಯುತ್ತವೆ. ಪೊಲೀಸರ ತಡೆಯಾದರೆ ಮ್ಯಾನೇಜರ್ ಕೈಯಲ್ಲಿ ಏನೂ ಇಲ್ಲ, ಅವರ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಅವರಿಂದ ಬರವಣಿಗೆಯಲ್ಲಿ ನಾಲ್ಕು ವಿವರ ಪಡೆಯಿರಿ: ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ಯಾವ ವಹಿವಾಟಿನ ಮೇಲೆ ಆಕ್ಷೇಪ, ಎಷ್ಟು ಮೊತ್ತ. ಬ್ರಾಂಚ್‌ನಲ್ಲಿ ಬಾಯಿಮಾತಿನಲ್ಲೇ ಸಾಗಹಾಕಿದರೆ ಇಂಥ ದೂರುಗಳನ್ನು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಅಧಿಕಾರಿಗೆ ಇಮೇಲ್ ಮಾಡಿ.

ರಾಜಾಜಿನಗರದಲ್ಲಿ ಸಂಬಳದ ಖಾತೆ ಇರುವ ಒಬ್ಬರಿದ್ದಾರೆ ಎಂದುಕೊಳ್ಳಿ. ಖಾತೆಯಲ್ಲಿ 92,000 ರೂಪಾಯಿ ಇದೆ, ಆಕ್ಷೇಪ ಇರುವುದು ಆ್ಯಪ್‌ನಿಂದ ಬಂದ 18,400 ರೂಪಾಯಿ ಮೇಲೆ, ದೂರು ದಾಖಲಾದದ್ದು ಬೇರೆ ರಾಜ್ಯದಲ್ಲಿ. ಇಲ್ಲಿ ಎರಡು ಕೋರಿಕೆಗಳನ್ನು ಬೇರೆ ಬೇರೆ ಇಡಬೇಕು. 18,400ಕ್ಕೆ ಮಾತ್ರ ಲಿಯನ್, ಅಂದರೆ ಅಷ್ಟು ಮೊತ್ತವನ್ನಷ್ಟೇ ಹಿಡಿದಿಡುವ ತಡೆ, ಇಟ್ಟು ಉಳಿದ 73,600 ಬಳಸಲು ಬಿಡಿ ಎಂಬುದು ಒಂದು. ತನಿಖೆ ಮುಗಿದ ಮೇಲೆ ಲಿಯನ್ ತೆಗೆಯಿರಿ ಎಂಬುದು ಇನ್ನೊಂದು. ಮೊದಲನೆಯದು ಬೇಗ ಸಿಗುವ ಸಾಧ್ಯತೆ ಹೆಚ್ಚು. ಎರಡನ್ನೂ ಬೆರೆಸಿ ಬರೆದರೆ ಪತ್ರ ಹಾಗೇ ಕೂತುಬಿಡುತ್ತದೆ.

ತನಿಖಾಧಿಕಾರಿಗೆ ಕಳಿಸುವ ಇಮೇಲ್‌ನ ವಿಷಯದ ಸಾಲಿನಲ್ಲೇ ಸ್ವೀಕೃತಿ ಸಂಖ್ಯೆ ಇರಲಿ. ಪತ್ರ ಒಂದು ಪುಟ ಮೀರಬಾರದು. ಅದರ ಹಿಂದೆ ಪ್ಯಾನ್, ಆಧಾರ್, ಒಂದು ವರ್ಷದ ಸೀಲ್ ಹಾಕಿದ ಸ್ಟೇಟ್‌ಮೆಂಟ್, ಸಂಬಳದ ಸ್ಲಿಪ್, ಆದಾಯ ತೆರಿಗೆ ರಿಟರ್ನ್ಸ್ ಪ್ರತಿ ಇರಲಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಆ್ಯಪ್‌ನೊಳಗಿನ ವ್ಯಾಲೆಟ್ ಇತಿಹಾಸ. ನೀವು ಕಟ್ಟಿದ್ದು ಯಾವಾಗ, ಹಿಂಪಡೆಯಲು ಕೋರಿದ್ದು ಯಾವಾಗ ಎಂದು ತೋರಿಸುವ ಸ್ಕ್ರೀನ್‌ಶಾಟ್‌ಗಳು ಬೇಕು. ಸಂಜೆ 7.10ಕ್ಕೆ ಆ್ಯಪ್‌ನಲ್ಲಿ 18,400 ಕೋರಿಕೆ, 7.26ಕ್ಕೆ ಅಷ್ಟೇ ಮೊತ್ತ ಖಾತೆಗೆ ಜಮಾ ಎಂದಿದ್ದರೆ, ಹಣ ಕಳಿಸಿದ ಆ ಅಪರಿಚಿತ ವ್ಯಕ್ತಿಗೂ ನಿಮಗೂ ನೇರ ಸಂಬಂಧವಿಲ್ಲ ಎಂಬ ಮಾತಿಗೆ ಆಧಾರ ಸಿಗುತ್ತದೆ. ನಾನು ಇವೆರಡನ್ನೂ ಯುಪಿಐನ 12 ಅಂಕಿಯ ಸಂಖ್ಯೆಯ ಜೊತೆ ಒಂದೇ ಕೋಷ್ಟಕದಲ್ಲಿ ಇಡುತ್ತೇನೆ. ಗಾಬರಿಯಿಂದ ಆ್ಯಪ್ ಅಳಿಸಿಹಾಕಿದರೆ ಈ ಪುರಾವೆಯೇ ಕೈತಪ್ಪಬಹುದು.

"ಸ್ನೇಹಿತ ಕೊಟ್ಟ ಸಾಲ" ಎಂದು ಯಾವ ಕಾರಣಕ್ಕೂ ಬರೆಯಬೇಡಿ. ಪೊಲೀಸರು ಮುಂದೆ ಕೇಳುವುದೇ ಆ ಸ್ನೇಹಿತನ ವಿಳಾಸ, ಅಲ್ಲಿಗೆ ನೀವು ಸಾಕ್ಷಿಯಿಂದ ಆರೋಪಿಯ ಕಡೆಗೆ ಸರಿದಿರುತ್ತೀರಿ. ಆಗಸ್ಟ್ 2025ರಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟುವ ಆಟಗಳನ್ನೂ ಅವುಗಳಿಗೆ ಬ್ಯಾಂಕು ಪಾವತಿ ಸಾಗಿಸುವುದನ್ನೂ ನಿಷೇಧಿಸುತ್ತದೆ. ಆದರೆ ಬರೀ ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಕಮಿಷನ್‌ಗಾಗಿ ಖಾತೆಯನ್ನೋ ಕ್ಯೂಆರ್ ಕೋಡನ್ನೋ ಬೇರೆಯವರಿಗೆ ಕೊಟ್ಟಿದ್ದರೆ ಮಾತ್ರ ಕಥೆ ಬೇರೆ. ಹಾಗಿದ್ದರೆ ವಕೀಲರಿಗೆ ತೋರಿಸದೆ ಒಂದು ಸಾಲನ್ನೂ ಕಳಿಸಬೇಡಿ.

ಪೊಲೀಸರು ಒಪ್ಪಿದ ಮೇಲೂ ಒಂದು ತೊಡಕಿದೆ. ತೆರವಿನ ಪತ್ರವನ್ನು ನೀವು ಫಾರ್ವರ್ಡ್ ಮಾಡಿದರೆ ಸಾಲದು. ಠಾಣೆಯ ಅಧಿಕೃತ ಇಮೇಲ್‌ನಿಂದಲೇ ಅದು ಬ್ಯಾಂಕಿಗೆ ನೇರವಾಗಿ ಹೋಗುವಂತೆ ಕೇಳಿಕೊಳ್ಳಿ.

ಉತ್ತರವೇ ಬರದಿದ್ದರೆ ಕಾನೂನಿನ ದಾರಿಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಅಡಿ ಖಾತೆ ತಡೆಹಿಡಿದ ಪೊಲೀಸರು ಅದನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 503ನೇ ಕಲಂ ಅಡಿ ಬಿಡುಗಡೆಗೆ ಅರ್ಜಿ ಹಾಕಬಹುದು, ಆದರೆ ಆ ಠಾಣೆಯ ವ್ಯಾಪ್ತಿಯ ಕೋರ್ಟಿನಲ್ಲಿ. 18,400ಕ್ಕೆ ಇನ್ನೊಂದು ರಾಜ್ಯಕ್ಕೆ ಅಲೆಯುವುದು ಲಾಭವೇ ಎಂದು ಲೆಕ್ಕ ಹಾಕಿ ನೋಡಿ. ಬ್ಯಾಂಕು ವಿವರವನ್ನೇ ಕೊಡದೆ 30 ದಿನ ಕಳೆದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು, ಆದರೆ ಪೊಲೀಸರ ತಡೆ ಅಲ್ಲಿ ತೆರವಾಗುವುದಿಲ್ಲ.

ಈ ನಡುವೆ ಸಂಬಳವನ್ನು ಬೇರೆ ಖಾತೆಗೆ ಹಾಕಲು ಆಫೀಸಿಗೆ ಹೇಳಿ, ಇಎಂಐ ತಪ್ಪುವ ಮೊದಲೇ ಸಾಲ ಕೊಟ್ಟವರಿಗೆ ತಿಳಿಸಿ. ತಡೆ ತೆರವಾದ ದಿನ ಬೇರೆ ಸ್ವೀಕೃತಿ ಸಂಖ್ಯೆ ಏನಾದರೂ ಬಾಕಿ ಇದೆಯೇ ಎಂದು ಬ್ರಾಂಚ್‌ನಲ್ಲಿ ಕೇಳಿ. ಒಂದೇ ಬಾಡಿಗೆ ಖಾತೆಯ ಮೇಲೆ ಹಲವು ದೂರುಗಳಿರುತ್ತವೆ, ಪ್ರತಿಯೊಂದಕ್ಕೂ ತೆರವಿನ ಪತ್ರ ಬೇರೆಯೇ ಬೇಕು.