ಪಕ್ಕದ್ಮನೆ ಹಿಟ್ಟಿನ ಗಿರಣಿ ಸದ್ದು ಕೊನೆಗೂ ಹೇಗೆ ನಿಂತ್ತು

ನಮ್ಮ ಗೋಡೆಗೆ ಅಂಟ್ಕೊಂಡೇ ಪಕ್ಕದವ್ರ ಹಿಟ್ಟಿನ ಗಿರಣಿ, ಬೆಳಗ್ಗೆ 5ಕ್ಕೇ ಶುರು, ಅಡುಗೆಮನೆ ಪಾತ್ರೆ ಎಲ್ಲ ನಡುಗೋವು, ಕೇಳಿದ್ರೆ "ಲೈಸೆನ್ಸ್ ಇದೆ ಕಣ್ರೀ" ಅಂತಿದ್ರು. ಲೈಸೆನ್ಸ್ ಇದ್ರೆ ಪಕ್ಕದವ್ರ ನಿದ್ದೆ ಕೆಡಿಸೋ ಹಕ್ಕೇನೂ ಬರಲ್ಲ ಅಂದ್ರು ನಮ್ಮ ವಕೀಲ್ರು. ಸಿವಿಲ್ ಕೋರ್ಟಲ್ಲಿ ದಾವೆ ಹಾಕಿ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೂ ಅರ್ಜಿ ಕೊಟ್ವಿ.

ನಾನು ಮೊಬೈಲ್ ಆಪಲ್ಲಿ ಅಳೆದಿದ್ದ ಸದ್ದಿನ ರೀಡಿಂಗನ್ನ ಎದುರು ಪಾರ್ಟಿ ಒಪ್ಲಿಲ್ಲ (ಒಪ್ತಾರಾ ಮತ್ತೆ!), ಅದಕ್ಕೆ ಜಾಗಕ್ಕೇ ಬಂದು ನೋಡಿ ರಿಪೋರ್ಟ್ ಕೊಡೋಕೆ ಒಬ್ಬ ಕೋರ್ಟ್ ಕಮಿಷನರ್‌ನ ನೇಮಿಸಿ ಅಂತ ಕೋರ್ಟನ್ನ ಕೇಳ್ಕೊಂಡ್ವಿ, ಅವ್ರು ಗಿರಣಿ ಓಡ್ತಿರೋವಾಗ್ಲೇ ಬಂದು ನಮ್ಮ ಹಿತ್ತಲಲ್ಲಿ ಅಳತೆ ಮಾಡಿಸಿದ್ರು, 72 ಡೆಸಿಬಲ್. ವಸತಿ ಏರಿಯಾದಲ್ಲಿ ಹಗಲಿಗೆ 55, ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45 ಅಷ್ಟೇ ಮಿತಿ. ಆ ರಿಪೋರ್ಟ್ ಮೇಲೆ ರಾತ್ರಿ ಓಡಿಸ್ಬಾರ್ದು ಅಂತ ತಡೆಯಾಜ್ಞೆ ಸಿಕ್ತು, ಅವ್ರೂ ಮೋಟಾರ್‌ನ ಗೋಡೆಯಿಂದ ದೂರ ಸರಿಸಿ ಕೆಳಗೆ ರಬ್ಬರ್ ಪ್ಯಾಡ್ ಹಾಕಿದ್ರು.

ಪರಿಹಾರ 2 ಲಕ್ಷ ಕೇಳಿದ್ದೆ, ಆದ್ರೆ ಕೊನೆಗೆ ಬಂದಿದ್ದು ಗೋಡೆ ಬಿರುಕು ರಿಪೇರಿ ಬಿಲ್ಲಿನಷ್ಟೇ, ಉಳಿದಿದ್ದಕ್ಕೆ ಸಾಕ್ಷಿಯಾಗಿ ತೋರಿಸೋಕೆ ಡಾಕ್ಟರ್ ಚೀಟಿಗಳನ್ನ ಎತ್ತಿಟ್ಕೊಂಡಿರ್ಲಿಲ್ಲ ನಾನು.