ಕವಳದ ಹಲ್ಲಿಗೂ ಟ್ರೇ ಸಾಕು: ಬ್ಲೀಚಿಂಗ್‌ನಲ್ಲಿ ನನ್ನ ಅನುಭವ

ಎಲೆಅಡಿಕೆಯ ಕವಳ ಹಾಕುವವರಿಗೆ ಜೆಲ್ ತುಂಬಿ ಮನೆಯಲ್ಲೇ ಹಲ್ಲಿಗೆ ತೊಡುವ ಟ್ರೇ ಆಗಿಬರುವುದಿಲ್ಲ, ಕ್ಲಿನಿಕ್ಕಿನಲ್ಲೇ 35 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಬೇಕು ಎಂದು ಶಿರಸಿಯ ಜೊತೆಯ ದಂತವೈದ್ಯರೆಲ್ಲ ಹೇಳುತ್ತಿದ್ದರು. ಅಡಿಕೆ ತೋಟದವರೊಬ್ಬರ ಹಲ್ಲನ್ನು 10 ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್‌ನಲ್ಲೇ ಗಾಢವಾದ ಎ3.5 ಶೇಡಿನಿಂದ ತಿಳಿಯಾದ ಎ1ಕ್ಕೆ ತಂದ ಮೇಲೆ ಆ ಮಾತು ಕೇಳಿಬರುತ್ತಿಲ್ಲ.

ಮೊದಲು ಸ್ಕೇಲಿಂಗ್, ಪಾಲಿಶಿಂಗ್. ಕವಳದ ಕಪ್ಪು ಪದರ ಅದಕ್ಕೇ ಹೋಗುತ್ತದೆ, ಅದರ ಮೇಲೆ ಜೆಲ್ ಸುರಿದರೆ ದುಡ್ಡು ದಂಡ. ಶೇಡ್ ನೋಡಿದ್ದು ವಾರ ಬಿಟ್ಟು. ಒಳಗಿನ ಹಳದಿಗೆ ಮಾತ್ರ ಪೆರಾಕ್ಸೈಡ್ ಬೇಕು: ಅದರ ಅಣು ಸಣ್ಣದು, ಹೊರಪದರದ ಎನಾಮೆಲ್ ದಾಟಿ ಒಳಗಿನ ಡೆಂಟಿನ್‌ಗೆ ಇಳಿದು ಬಣ್ಣದ ದೊಡ್ಡ ಅಣುಗಳನ್ನು ಒಡೆಯುತ್ತದೆ. 10 ಪರ್ಸೆಂಟ್ ಕಾರ್ಬಮೈಡ್ ಕೊಡುವುದು 3.5 ಪರ್ಸೆಂಟಿನಷ್ಟು ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ, ಆದರೆ ಗಂಟೆಗಟ್ಟಲೆ ಕೊಡುತ್ತದೆ.

ಕೆಲಸ ಕೆಟ್ಟಿದ್ದು ನಾಲ್ಕನೇ ರಾತ್ರಿ. ತಣ್ಣೀರು ತಾಗಿದರೆ ಕೋರೆಹಲ್ಲು ಜುಂ ಎನ್ನುತ್ತಿತ್ತು. ಗಟ್ಟಿ ಬ್ರಷ್ಷಿನಿಂದ ಅಲ್ಲಿ ಒಸಡು ಇಳಿದು ಬೇರು ತೆರೆದಿತ್ತು, ನನ್ನ ಟ್ರೇ ಅದನ್ನೂ ಮುಚ್ಚಿತ್ತು. ಬೇರಿನ ಮೇಲೆ ಎನಾಮೆಲ್ ಇಲ್ಲ, ಪೆರಾಕ್ಸೈಡ್ ನೇರ ಡೆಂಟಿನ್ನಿನ ನಾಳಗಳಿಗೆ ನುಗ್ಗಿ ಹಲ್ಲಿನೊಳಗೆ ನರವಿರುವ ಪಲ್ಪನ್ನು ಕೆರಳಿಸುತ್ತದೆ. ಹಲ್ಲು ಗಟ್ಟಿಯಿದ್ದರೂ ಪೆರಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಪಲ್ಪ್ ಮುಟ್ಟುವುದರಿಂದ ಸ್ವಲ್ಪ ಜುಂ ಹೆಚ್ಚಿನವರಿಗೆ ಇದ್ದದ್ದೇ. ಜೆಲ್ ನಿಲ್ಲಿಸಿದರೆ ಕೆಲ ದಿನಗಳಲ್ಲಿ ಇಳಿಯುತ್ತದೆ. ಒಂದೇ ಹಲ್ಲು ತಾನಾಗಿ ಸಿಡಿದು ನಿದ್ದೆ ಕೆಡಿಸಿದರೆ ಬಿರುಕೋ ಹುಳುಕೋ ಹುಡುಕಬೇಕು.

ಎರಡು ದಿನ ಬಿಡುವು ಕೊಟ್ಟೆ. ಟ್ರೇಯನ್ನು ಬೇರು ಮುಚ್ಚದಂತೆ ಕತ್ತರಿಸಿದೆ. ಜುಂ ತಗ್ಗಿಸುವ 5 ಪರ್ಸೆಂಟ್ ಪೊಟ್ಯಾಸಿಯಮ್ ನೈಟ್ರೇಟ್ ಪೇಸ್ಟನ್ನು ಅದೇ ಟ್ರೇಯಲ್ಲಿ ಅರ್ಧ ಗಂಟೆ ಇಟ್ಟು, ತೊಳೆದು, ಆಮೇಲೆ ಜೆಲ್. ಇಡೀ ರಾತ್ರಿಯ ಬದಲು ಎರಡು ಗಂಟೆ, ದಿನ ಬಿಟ್ಟು ದಿನ. ಒಂದು ಹಲ್ಲಿಗೆ ಅಕ್ಕಿಕಾಳಿನಷ್ಟೇ ಜೆಲ್. ನಾಲ್ಕು ವಾರ ಹಿಡಿಯಿತು. ಟ್ರೇ ಅಂಚು ಒಸಡಿಗೆ ಬಿಗಿಯಾಗಿ ಕೂರಲು ಅಚ್ಚಿನ ಮೇಲೆ ಮಾಡುವ ಒಂದು ಕೆಲಸವಿದೆ, ಅದರ ಗುಟ್ಟನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಖರ್ಚು ಸುಮಾರು ನಾಲ್ಕೂವರೆ ಸಾವಿರ, ಕ್ಲಿನಿಕ್ಕಿನ ಒಂದು ಸಿಟ್ಟಿಂಗ್‌ಗೆ ಹೆಚ್ಚುಕಡಿಮೆ ಅದರ ದುಪ್ಪಟ್ಟು. ಆನ್‌ಲೈನ್ ಕಿಟ್ಟಿನ ಬಿಸಿನೀರಲ್ಲಿ ಅದ್ದಿ ಕಚ್ಚುವ ಟ್ರೇ ಅಗ್ಗ ನಿಜ, ಆದರೆ ಅಂಚು ಸಡಿಲ. ಜೆಲ್ ಸೋರಿ ಒಸಡು ಬೆಳ್ಳಗೆ ಸುಡುತ್ತದೆ, ಎಂಜಲು ಒಳನುಗ್ಗಿ ಉಳಿದ ಜೆಲ್ಲನ್ನೂ ಕೆಡಿಸುತ್ತದೆ.

ಕ್ಲಿನಿಕ್ಕಿನಲ್ಲಿ ಜೆಲ್ ಮೇಲೆ ಬಿಡುವ ಲೈಟನ್ನೂ ಪರೀಕ್ಷಿಸಿದ್ದೇನೆ. ಬೇರೊಬ್ಬರಿಗೆ, ಅವರ ಒಪ್ಪಿಗೆ ಪಡೆದು, ಎರಡೂ ಬದಿಗೆ 35 ಪರ್ಸೆಂಟ್, ಲೈಟ್ ಬಲಕ್ಕೆ ಮಾತ್ರ. ಅಂದು ಬಲ ತುಸು ಬಿಳಿ ಕಂಡಿತು, ಹತ್ತು ದಿನಕ್ಕೆ ಎರಡೂ ಒಂದೇ. ಒಣಗಿದ ಹಲ್ಲು ಬಿಳಿ ಕಾಣುತ್ತದೆ, ನೀರು ಹೀರಿಕೊಂಡ ಮೇಲೆ ಒಂದಷ್ಟು ಹಿಂದಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಕಾರವಾರಕ್ಕೆ ಹೋಗುವಾಗ ಬಿಸಿಲಿಗೆ ಕಾರಿನಲ್ಲೇ ಉಳಿದ ಜೆಲ್ಲಿನ ಮೂರು ಸಿರಿಂಜ್‌ಗಳೂ ಸತ್ತವು: ಜೆಲ್ ನೀರಾಗಿ ಗುಳ್ಳೆ ಕಟ್ಟಿತ್ತು. ಈಗ ಫ್ರಿಜ್ಜಿನಿಂದ ಹೊರಡುವ ಜೆಲ್ ಐಸ್ ಪ್ಯಾಕಿನ ಜೊತೆಗೇ ಹೋಗುತ್ತದೆ.