ಮೊದಲ ಕೆಲಸಕ್ಕೆ ಮೊದಲ ವಾಚು: ಮುಖ ನೋಡುವ ಮೊದಲು ಬೆನ್ನು ನೋಡಿ

ನಮ್ಮ ಅಕ್ಕನ ಮಗ ಮಂಡ್ಯದಲ್ಲಿ ಬಿಇ ಮುಗಿಸಿದ. ಮೈಸೂರಿನ ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸೇರುವ ಹಿಂದಿನ ಶನಿವಾರ ನಮ್ಮ ಮನೆಗೆ ಬಂದು, "ಮಾಮ, ಒಂದು ಒಳ್ಳೆ ವಾಚ್ ತಗೋಬೇಕು. ಐದು ಸಾವಿರ ಇಟ್ಕೊಂಡಿದೀನಿ. ನೀವೂ ಬನ್ನಿ" ಎಂದ. ನಮ್ಮ ಅಪ್ಪ ವಾಚ್ ರಿಪೇರಿ ಮಾಡುತ್ತಿದ್ದವರು. ಶಾಲೆ ಬಿಟ್ಟ ಮೇಲೆ ಅವರ ಮೇಜಿನ ಪಕ್ಕ ಕೂತು ನೋಡಿದ್ದೇ ನನಗೆ ಬಂದ ವಿದ್ಯೆ. ಅವನ ಜೊತೆ ದೇವರಾಜ ಅರಸು ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿದೆ. ಅವತ್ತು ಏನೇನು ನೋಡಿದೆವು, ಯಾಕೆ ನೋಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಅದೇ ಐದು ಸಾವಿರ ನಿಮ್ಮ ಕೈಯಲ್ಲಿದ್ದರೆ ನೀವೂ ಹೀಗೇ ಮಾಡಬಹುದು.

ಹೊರಡುವ ಮೊದಲು ಕೈ ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಕೈಯನ್ನು ಮೇಜಿನ ಮೇಲೆ ಇಟ್ಟು, ವಾಚು ಕೂರುವ ಜಾಗದಲ್ಲಿ ಮಣಿಕಟ್ಟಿನ ಮೇಲ್ಭಾಗ ಎಷ್ಟು ಅಗಲ ಇದೆ ಎಂದು ಸ್ಕೇಲಿನಲ್ಲಿ ನೋಡಿ. ಸುತ್ತಳತೆ ಅಲ್ಲ, ಚಪ್ಪಟೆ ಭಾಗದ ಅಗಲ. ನಮ್ಮ ಹುಡುಗನದು 52 ಮಿಲಿಮೀಟರ್ ಬಂತು.

ಎಲ್ಲರೂ ಡಯಲ್ಲಿನ ಅಳತೆ ಕೇಳುತ್ತಾರೆ. 40 ಮಿಲಿಮೀಟರಾ, 44 ಮಿಲಿಮೀಟರಾ ಅಂತ. ಆದರೆ ವಾಚು ಕೈಗೆ ಸರಿಯಾಗಿ ಕೂರುತ್ತದಾ ಇಲ್ಲವಾ ಎಂದು ಹೇಳುವುದು ಅದರ ಉದ್ದ. ಅಂದರೆ ಮೇಲೆ ಬೆಲ್ಟು ಸೇರುವ ಮೂಲೆಯಿಂದ ಕೆಳಗೆ ಬೆಲ್ಟು ಸೇರುವ ಮೂಲೆಯವರೆಗಿನ ಅಳತೆ. ಈ ಉದ್ದ ನಿಮ್ಮ ಕೈಯ ಅಗಲಕ್ಕಿಂತ ನಾಲ್ಕೈದು ಮಿಲಿಮೀಟರ್ ಆದರೂ ಕಡಿಮೆ ಇರಬೇಕು. ಇಲ್ಲದಿದ್ದರೆ ಮೂಲೆಗಳು ಕೈಯ ಎರಡೂ ಪಕ್ಕಕ್ಕೆ ಚಾಚಿಕೊಳ್ಳುತ್ತವೆ. ಬೆಲ್ಟಿನ ಕೆಳಗೆ ಸಂದು ಬೀಳುತ್ತದೆ. ವಾಚು ದಿನವಿಡೀ ಜಾರುತ್ತಾ, ಷರ್ಟಿನ ತೋಳಿಗೆ ಸಿಕ್ಕಿಕೊಳ್ಳುತ್ತಾ ಇರುತ್ತದೆ. ಚಿಕ್ಕ ಸ್ಕೇಲೊಂದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ನಾಚಿಕೊಳ್ಳುವುದು ಬೇಡ.

ಬೆನ್ನು ಓದಿ

ಮೊದಲ ಅಂಗಡಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಗುಲಾಬಿ ಬಂಗಾರದ ಬಣ್ಣದ ದೊಡ್ಡ ವಾಚು. ಒಳಗೆ ಮೂರು ಚಿಕ್ಕ ಡಯಲ್ಲು. ಬೆಲೆ 4,500. "ಇದೇ ಮಾಮ!" ಎಂದ. "ತಿರುಗಿಸಿ ಹಿಂದೆ ಏನು ಬರೆದಿದೆ ಓದೋ" ಎಂದೆ.

ಹಿಂದಿನ ಮುಚ್ಚಳದ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಮಾತು ಇದ್ದವು. ಒಂದು, ಬೇಸ್ ಮೆಟಲ್. ಇನ್ನೊಂದು, ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್. ಇದರ ಅರ್ಥ ಇಷ್ಟು: ಮುಚ್ಚಳ ಮಾತ್ರ ಸ್ಟೀಲು. ಕೇಸು ಹಿತ್ತಾಳೆಯದೋ ಇನ್ನೊಂದು ಅಗ್ಗದ ಮಿಶ್ರಲೋಹದ್ದೋ ಇರುತ್ತದೆ, ಮೇಲೆ ಲೇಪ ಕೊಟ್ಟಿರುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಇದ್ದಾಗ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಮಾಡುವುದು ಬೆವರು. ಬೆವರಿನಲ್ಲಿ ಉಪ್ಪು ಇರುತ್ತದೆ. ಜೊತೆಗೆ ತೋಳಿನ ಉಜ್ಜಾಟ. ಮೊದಲು ಮೂಲೆಗಳ ಒಳಭಾಗದಲ್ಲಿ ಲೇಪ ಸವೆಯುತ್ತದೆ, ಆಮೇಲೆ ಕೀ ಸುತ್ತ. ಅಲ್ಲಿ ಹಳದಿ ಹಿತ್ತಾಳೆ ಇಣುಕುತ್ತದೆ, ಹಸಿರು ಕಿಲುಬು ಕೂರುತ್ತದೆ. ಲೇಪ ಹೋದ ಮೇಲೆ ಕೆಲವರಿಗೆ ಆ ಜಾಗದಲ್ಲಿ ತುರಿಕೆಯೂ ಆಗುತ್ತದೆ.

ನನ್ನ ಮೊದಲ ವಾಚು ಇಂಥದ್ದೇ. ಬಂಗಾರದ ಬಣ್ಣ ನೋಡಿ ತಗೊಂಡಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬೆಲ್ಟಿನ ಹತ್ತಿರ ಕೇಸು ಚುಕ್ಕೆ ಚುಕ್ಕೆಯಾಗಿ ಗುಳಿ ಬಿದ್ದಿತ್ತು. ಅಪ್ಪ ಕಣ್ಣಿಗೆ ಭೂತಗನ್ನಡಿ ಹಾಕಿ ನೋಡಿ, "ಮಿಷನ್ನು ಚೆನ್ನಾಗೇ ಇದೆ, ಕೇಸು ತಿಂದೋಗಿದೆ" ಎಂದರು. ಒಳಗಿನ ಮಿಷನ್ನು ಬದಲಾಯಿಸಬಹುದು. ತಿಂದುಹೋದ ಕೇಸಿಗೆ ಮದ್ದಿಲ್ಲ.

ಹಾಗಾಗಿ ಹಿಂದೆ ಬರೀ "ಸ್ಟೇನ್‌ಲೆಸ್ ಸ್ಟೀಲ್" ಅಥವಾ "ಆಲ್ ಸ್ಟೇನ್‌ಲೆಸ್ ಸ್ಟೀಲ್" ಅಂತ ಇರುವುದನ್ನೇ ಹುಡುಕಿ. "ಬ್ಯಾಕ್" ಅನ್ನುವ ಪದ ಸೇರಿದ್ದರೆ ಕೇಸು ಯಾವ ಲೋಹ ಅಂತ ಕೇಳಲೇಬೇಕು. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ವಿವರದಲ್ಲಿ ಕೇಸಿನ ಲೋಹ ಯಾವುದೆಂದು ನೋಡಿ. ಬ್ರಾಸ್, ಅಲಾಯ್ ಎಂದಿದ್ದರೆ ಬಿಟ್ಟುಬಿಡಿ. ಬಂಗಾರದ ಬಣ್ಣ ಬೇಕೇ ಬೇಕು ಅನ್ನುವವರು ಕೆಳಗಿನ ಲೋಹ ಸ್ಟೀಲೇ ಇರುವಂಥದ್ದನ್ನು ತಗೊಳ್ಳಿ. ಲೇಪ ಸವೆದರೂ ಕೆಳಗೆ ಕಿಲುಬು ಬರುವುದಿಲ್ಲ. ಮೊದಲ ವಾಚಿಗೆ ನಾನಂತೂ ಲೇಪವೇ ಇಲ್ಲದ ಬಿಳಿ ಸ್ಟೀಲು ಸಾಕು ಅನ್ನುತ್ತೇನೆ. ಗೀರು ಬಿದ್ದರೂ ಪಾಲಿಶ್ ಮಾಡಿಸಬಹುದು.

ಆ ಗುಲಾಬಿ ವಾಚಿನ ಉದ್ದವನ್ನೂ ಅಳೆದೆವು. 52 ಮಿಲಿಮೀಟರ್, ಸರಿಯಾಗಿ ಅವನ ಕೈಯಷ್ಟೇ. ಕೈಗೆ ಕಟ್ಟಿ ಕನ್ನಡಿಯಲ್ಲಿ ನೋಡಿಕೊಂಡ ಮೇಲೆ ಅವನೇ ಬಿಚ್ಚಿ ಕೊಟ್ಟ.

ಮೂವತ್ತು ಮೀಟರ್ ಅಂದರೆ ಮೂವತ್ತು ಮೀಟರ್ ಅಲ್ಲ

ಅದೇ ಮುಚ್ಚಳದ ಮೇಲೆ ನೀರಿನ ಲೆಕ್ಕವೂ ಇರುತ್ತದೆ. 30 ಮೀಟರ್ ಅಥವಾ 3 ಬಾರ್ ಎಂದಿದ್ದರೆ, ಅಷ್ಟು ಆಳ ಮುಳುಗಬಹುದು ಅಂತ ಅಲ್ಲ. ಅದು ಪರೀಕ್ಷೆಯ ಯಂತ್ರದೊಳಗೆ ಅಲುಗಾಡದ ಸ್ಥಿತಿಯಲ್ಲಿ ತಡೆದ ಒತ್ತಡ. ದಿನದ ಬಳಕೆಯಲ್ಲಿ 30 ಮೀಟರ್ ಅಂದರೆ ಕೈ ತೊಳೆಯುವಾಗ ನಾಲ್ಕು ಹನಿ ಬಿದ್ದರೆ ಪರವಾಗಿಲ್ಲ ಅಂತ ಅಷ್ಟೇ. 50 ಮೀಟರ್ ಇದ್ದರೆ ಬೈಕಿನಲ್ಲಿ ಮಳೆಗೆ ಸಿಕ್ಕಿಬಿದ್ದರೂ ಭಯವಿಲ್ಲ. ಈಜುವವರಿಗೆ 100 ಬೇಕು. ಬಿಸಿನೀರಿನ ಸ್ನಾನಕ್ಕೆ ಮಾತ್ರ ಯಾವುದನ್ನೂ ಹಾಕಿಕೊಂಡು ಹೋಗಬೇಡಿ. ಬಿಸಿಗೆ ಮತ್ತು ಸೋಪಿಗೆ ಒಳಗಿನ ರಬ್ಬರ್ ರಿಂಗು ಬೇಗ ಹಾಳಾಗುತ್ತದೆ.

ನಮ್ಮ ಹುಡುಗ ದಿನಾ ಬೈಕಿನಲ್ಲಿ ಓಡಾಡುವವನು. ಹಾಗಾಗಿ 50ಕ್ಕಿಂತ ಕಡಿಮೆ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆವು.

ಈ ತಡೆ ಶಾಶ್ವತವಲ್ಲ ಅನ್ನುವುದು ನೆನಪಿರಲಿ. ಸೆಲ್ಲು ಹಾಕಿಸುವಾಗ ಮುಚ್ಚಳ ತೆಗೆಯುತ್ತಾರೆ. ಆಗ ರಬ್ಬರ್ ರಿಂಗು ಒಣಗಿದ್ದರೆ ಅಥವಾ ಸೊಟ್ಟಗೆ ಕೂತರೆ ನೀರು ಒಳಗೆ ಬರುತ್ತದೆ. "ರಿಂಗ್ ನೋಡಿ, ಗ್ರೀಸ್ ಹಚ್ಚಿ ಹಾಕಿ" ಎಂದು ಬಾಯಿಬಿಟ್ಟು ಹೇಳಿ. ಬಿಸಿಲಿನಿಂದ ಎಸಿ ರೂಮಿಗೆ ಹೋದಾಗ ಗಾಜಿನ ಒಳಗಡೆ ಮಂಜು ಕಟ್ಟಿದರೆ ತೇವ ಆಗಲೇ ಒಳಗಿದೆ ಎಂದರ್ಥ. ಅವತ್ತೇ ರಿಪೇರಿಯವರ ಹತ್ತಿರ ಹೋಗಿ. ಎರಡು ವಾರ ಬಿಟ್ಟರೆ ಮುಳ್ಳಿಗೂ ಮಿಷನ್ನಿಗೂ ತುಕ್ಕು ಹಿಡಿಯಬಹುದು.

ಸೆಲ್ಲಿನದೋ, ಆಟೋಮ್ಯಾಟಿಕ್ಕೋ

ಎರಡನೇ ಅಂಗಡಿಯಲ್ಲಿ, "ಸಾರ್, ಇದು ಆಟೋಮ್ಯಾಟಿಕ್, ಸೆಲ್ಲೇ ಬೇಡ" ಎಂದು ಒಂದು ವಾಚು ತೋರಿಸಿದರು. ಹೆಸರು ಕೇಳಿರದ ಕಂಪನಿ. ಕೈ ಅಲುಗಿದಾಗ ಒಳಗಿನ ಸ್ಪ್ರಿಂಗು ತಾನೇ ಸುತ್ತಿಕೊಂಡು ನಡೆಯುವ ವಾಚು ಇದು. ನೋಡಲು ನನಗೂ ತುಂಬಾ ಇಷ್ಟ. ಆದರೆ ಅಗ್ಗದ ಆಟೋಮ್ಯಾಟಿಕ್ ದಿನಕ್ಕೇ ಇಪ್ಪತ್ತು ಮೂವತ್ತು ಸೆಕೆಂಡ್ ಹಿಂದೆ ಮುಂದೆ ಹೋಗಬಹುದು. ಸೆಲ್ಲಿನ ವಾಚಿನಲ್ಲಿ ಒಂದು ಚಿಕ್ಕ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಲೆಕ್ಕದಲ್ಲಿ ಅದು ನಡೆಯುವುದರಿಂದ ಅಷ್ಟು ವ್ಯತ್ಯಾಸ ಬರಲು ಒಂದು ತಿಂಗಳು ಬೇಕು. ಆಟೋಮ್ಯಾಟಿಕ್ಕನ್ನು ಕೆಲವು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಐದು ಸಾವಿರದ ವಾಚಿಗೆ ಆ ಖರ್ಚು ಕೊಂಡ ಬೆಲೆಗೇ ಹತ್ತಿರ ಬಂದರೂ ಬರಬಹುದು. ಈ ಬಜೆಟ್ಟಿಗೆ ಸೆಲ್ಲಿನದೇ ಸರಿ. ಟೈಟನ್, ಟೈಮೆಕ್ಸ್, ಕ್ಯಾಸಿಯೊ ಇವುಗಳಲ್ಲಿ ನೋಡಿದರೆ ಸೆಲ್ಲಿಗೆ, ಗಾಜಿಗೆ, ರಿಪೇರಿಗೆ ನಮ್ಮ ಊರಲ್ಲೇ ದಾರಿ ಇರುತ್ತದೆ.

"ತಾತನ ಥರ ಎಚ್‌ಎಂಟಿ ತಗೊಂಡರೆ?" ಎಂದೂ ಅವನು ಕೇಳಿದ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಗೆ ಕೊಟ್ಟ ಎಚ್‌ಎಂಟಿ ಇನ್ನೂ ಇದೆ. ಅದು ತಾತನದೇ ಆಗಿದ್ದರೆ ಖಂಡಿತ ಸರ್ವಿಸ್ ಮಾಡಿಸಿ ಕಟ್ಟಿಕೊಳ್ಳಿ. ಆನ್‌ಲೈನಿನಲ್ಲಿ ಬರುವ ಹೊಚ್ಚ ಹೊಸದರ ಥರದ ಹಳೇ ಎಚ್‌ಎಂಟಿ ಬಗ್ಗೆ ಮಾತ್ರ ಹುಷಾರು. ಡಯಲ್ಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ವಾಚಿನ ಭಾಗ ಸೇರಿಸಿ ಮಾಡಿದವು ಅದರಲ್ಲಿ ಜಾಸ್ತಿ. ಅಕ್ಷರದ ಅಂಚು ಮಸುಕಾಗಿದ್ದರೆ, ಬಣ್ಣ ವಿಪರೀತ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಅಂಗಡಿಯಲ್ಲಿ ಐದು ನಿಮಿಷ

ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಬಿಳಿ ಡಯಲ್ಲು, ಪೂರ್ತಿ ಸ್ಟೀಲು, 50 ಮೀಟರ್. ಡಯಲ್ಲಿನ ಅಳತೆ 39 ಮಿಲಿಮೀಟರ್, ಉದ್ದ 46. ಸ್ಟೀಲಿನ ಚೈನು. ಬೆಲೆ 3,900. ಗಾಜು ಸಾಮಾನ್ಯ ಮಿನರಲ್. ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜು ಇದ್ದರೆ ಒಳ್ಳೆಯದೇ. ಆದರೆ ಅದಕ್ಕಾಗಿ ಕೇಸಿನಲ್ಲೋ ನೀರಿನ ತಡೆಯಲ್ಲೋ ರಾಜಿ ಆಗಬೇಡಿ. ಗಾಜನ್ನು ಯಾವತ್ತು ಬೇಕಾದರೂ ಹೊಸದು ಹಾಕಿಸಬಹುದು.

ದುಡ್ಡು ಕೊಡುವ ಮೊದಲು ಅವನ ಕೈಯಲ್ಲೇ ಪರೀಕ್ಷೆ ಮಾಡಿಸಿದೆ. ಕೀ ಹೊರಗೆ ಎಳೆದು ಸರಿಯಾಗಿ ಆರು ಗಂಟೆಗೆ ಇಡಬೇಕು. ಎರಡು ಮುಳ್ಳೂ ಒಂದೇ ಗೆರೆಯಲ್ಲಿ ನೆಟ್ಟಗೆ ಬರಬೇಕು. ಬರದಿದ್ದರೆ ಮುಳ್ಳು ಕೂರಿಸಿದ್ದರಲ್ಲೇ ತಪ್ಪಿದೆ. ಆಮೇಲೆ ಹನ್ನೆರಡು ದಾಟಿಸಿ ತಾರೀಕು ಬದಲಾಗುತ್ತದಾ ನೋಡಬೇಕು. ಹತ್ತು ನಿಮಿಷ ಆಚೆ ಈಚೆ ಆದರೆ ಪರವಾಗಿಲ್ಲ. ಕೀ ಒಳಗೆ ಒತ್ತಿದ ಮೇಲೆ ಅರ್ಧ ನಿಮಿಷ ಸೆಕೆಂಡ್ ಮುಳ್ಳನ್ನು ನೋಡಿ. ಒಂದೊಂದೇ ಸೆಕೆಂಡ್ ಹೆಜ್ಜೆ ಇಡದೆ ಎರಡೆರಡು ಸೆಕೆಂಡ್ ಒಟ್ಟಿಗೆ ನೆಗೆಯುತ್ತಿದ್ದರೆ ಸೆಲ್ಲು ಮುಗಿಯುತ್ತಾ ಬಂದಿದೆ. ಬಹಳ ದಿನ ಅಂಗಡಿಯಲ್ಲೇ ಕೂತ ವಾಚು ಅದು. ಹೊಸ ಸೆಲ್ಲು ಹಾಕಿ ಕೊಡಿ ಎಂದು ಕೇಳಿ.

ಚೈನನ್ನು ಕೈಗೆ ಸರಿ ಮಾಡಿಸುವಾಗ ಕಿರುಬೆರಳು ತೂರುವಷ್ಟು ಸಡಿಲ ಇರಲಿ. ಮಧ್ಯಾಹ್ನದ ಸೆಕೆಗೆ ಕೈ ಸ್ವಲ್ಪ ಊದುತ್ತದೆ, ಬೆಳಗ್ಗೆ ಬಿಗಿಯಾಗಿ ಮಾಡಿಸಿದ್ದು ಆಗ ಒತ್ತುತ್ತದೆ. ಉಳಿದ ದುಡ್ಡಿನಲ್ಲಿ ಅವನು ಅದೇ ಅಗಲದ ಒಂದು ಕಂದು ಚರ್ಮದ ಬೆಲ್ಟು ತಗೊಂಡ, ಮದುವೆ ಗಿದುವೆಗೆ ಅಂತ. ಚರ್ಮದ ಬೆಲ್ಟನ್ನು ದಿನಾ ಬೈಕ್ ಓಡಿಸುವವರು ಕಟ್ಟಬೇಡಿ. ಬೆವರು ಕುಡಿದು ವಾಸನೆ ಬರುತ್ತದೆ, ವರ್ಷದೊಳಗೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಬಿಲ್ಲು ತಗೊಂಡು, ವಾರಂಟಿ ಕಾರ್ಡಿಗೆ ತಾರೀಕು ಬರೆಸಿ ಸೀಲು ಹಾಕಿಸಿದೆವು. ಬಾಗಿಲ ಹತ್ತಿರ ಬಂದ ಮೇಲೆ ನೆನಪಾಯಿತು. ವಾಪಸ್ ಹೋಗಿ, ಚೈನಿನಿಂದ ತೆಗೆದ ಮೂರು ಕೊಂಡಿ ಮತ್ತು ಅದರ ಪಿನ್ನು ಕೇಳಿ ಇಸಕೊಂಡೆ. ಮುಂದೆ ಕೈ ದಪ್ಪ ಆದರೆ ಅವೇ ಬೇಕು, ಅದೇ ಮಾದರಿಯ ಕೊಂಡಿ ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಒಂದು ಚಿಕ್ಕ ಕವರಿಗೆ ಹಾಕಿ ಬಿಲ್ಲಿನ ಜೊತೆ ಡಬ್ಬಿಯಲ್ಲಿ ಇಟ್ಟೆವು.